ಸ್ಕ್ಯಾನಿಂಗ್‌ನಲ್ಲಿ ಪಿಸಿಓಡಿ ಅಂತ ಬಂದಿದೆ, ಮುಂದೇನು? ಹದಿಹರೆಯದ ಹುಡುಗಿಯರಿಗೂ ಅವರ ಮನೆಯವರಿಗೂ

ಪಿಯುಸಿ, ಡಿಗ್ರಿ ಓದುವ ಹುಡುಗಿಯರು ಮತ್ತು ಅವರ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು, ಎರಡೂ ಕಡೆ ಪಿಸಿಓಡಿ ಇದೆ ಅಂತ ರಿಪೋರ್ಟ್ ಬಂದಿದೆ, ಈಗ ಏನು ಮಾಡಬೇಕು?" ಪಿಸಿಓಡಿ ಎಂದರೆ ಗಂಡು ಹಾರ್ಮೋನು ಹೆಚ್ಚಾಗಿ, ಅಂಡಾಶಯದಿಂದ ಅಂಡಾಣು ಸರಿಯಾಗಿ ಹೊರಬರದೆ ಮುಟ್ಟು ಏರುಪೇರಾಗುವ ತೊಂದರೆ. ಸದ್ಯಕ್ಕೆ ಆ ರಿಪೋರ್ಟನ್ನು ಫೈಲಿನೊಳಗೆ ಇಟ್ಟುಬಿಡಿ. ಹದಿಹರೆಯದಲ್ಲಿ ಈ ತೊಂದರೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸ್ಕ್ಯಾನಿಂಗ್ ಬಳಸಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ನೇರವಾಗಿಯೇ ಹೇಳುತ್ತದೆ. ಮೊದಲು ಬೇಕಾಗಿರುವುದು ಕ್ಯಾಲೆಂಡರ್.

ಕಾರಣ ಸರಳವಾಗಿದೆ. ಅಂಡಾಶಯದಲ್ಲಿ ಅಂಡಾಣುಗಳು ಬೆಳೆಯುವ ಪುಟ್ಟ ನೀರುಚೀಲಗಳಿರುತ್ತವೆ, ಅವಕ್ಕೆ ಫಾಲಿಕಲ್ ಎನ್ನುತ್ತಾರೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಸಿಸ್ಟ್' ಎಂದು ಓದಿ ಮನೆಮಂದಿ ಗಾಬರಿಯಾಗುವುದು ಇವುಗಳನ್ನೇ ನೋಡಿ. ಇವು ಗಡ್ಡೆಗಳಲ್ಲ, ಆಪರೇಷನ್ ಮಾಡಿ ತೆಗೆಯುವಂಥವೂ ಅಲ್ಲ. ಮೈನೆರೆದ ನಂತರದ ಕೆಲವು ವರ್ಷ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲೂ ಇವು ಹೆಚ್ಚಾಗಿ ಕಾಣುವುದು ಸಹಜ. ಸಾಲದ್ದಕ್ಕೆ, ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಸ್ಕ್ಯಾನಿಂಗನ್ನು ಹೊಟ್ಟೆಯ ಮೇಲಿನಿಂದಲೇ ಮಾಡುತ್ತಾರೆ. ಅದರಲ್ಲಿ ಫಾಲಿಕಲ್‌ಗಳನ್ನು ಸರಿಯಾಗಿ ಎಣಿಸುವುದು ಕಷ್ಟ.

ಪಿಸಿಓಡಿ, ಪಿಸಿಓಎಸ್ ಎರಡನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ವೈದ್ಯರು ಈಗ ಹೆಚ್ಚಾಗಿ ಪಿಸಿಓಎಸ್ ಎನ್ನುವುದರಿಂದ ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಉದಾಹರಣೆಗೆ ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ. ನಿಜವಾದ ಯಾರ ಕಥೆಯೂ ಅಲ್ಲ, ಲೆಕ್ಕ ಅರ್ಥವಾಗಲೆಂದು ಕಟ್ಟಿಕೊಂಡದ್ದು. ಮೈನೆರೆದದ್ದು 13 ವರ್ಷ 2 ತಿಂಗಳಿಗೆ. 14 ವರ್ಷ 10 ತಿಂಗಳಲ್ಲಿ ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದಾಗ 'ಪಿಸಿಓಡಿ' ಎಂಬ ಹಣೆಪಟ್ಟಿ ಬಿತ್ತು. ಈಗ ಅವಳಿಗೆ 16 ವರ್ಷ 4 ತಿಂಗಳು.

ಹಂತ 1: ಮುಟ್ಟಿನ ದಿನಗಳನ್ನು ಸರಿಯಾಗಿ ಎಣಿಸಿ

ಕಳೆದ ಆರು ತಿಂಗಳಿಂದ ಒಂದು ವರ್ಷದವರೆಗಿನ ತಾರೀಖುಗಳನ್ನು ಬರೆದುಕೊಳ್ಳಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಷ್ಟು ದಿನವೋ ಅದೇ ಅಂತರ. ಬಹಳ ಮಂದಿ ರಕ್ತಸ್ರಾವ ನಿಂತ ದಿನದಿಂದ, ಇಲ್ಲವೇ ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾರೆ. ಹಾಗೆ ಎಣಿಸಿದರೆ ನಾಲ್ಕೈದು ದಿನ ಲೆಕ್ಕದಿಂದ ಬಿದ್ದುಹೋಗಿ 38 ದಿನದ ಅಂತರ 33 ಆಗಿ ಕಾಣುತ್ತದೆ.

ಇನ್ನೊಂದು ಎಡವಟ್ಟು ಮಾತ್ರೆಗಳದ್ದು. ಹಬ್ಬ, ಗೃಹಪ್ರವೇಶ, ತಿರುಪತಿ ಪ್ರವಾಸ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಆ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಪಕ್ಕದಲ್ಲಿ ಗುರುತು ಹಾಕಿಡಿ. ಮುಟ್ಟು ಬರಿಸಲು ಕೊಟ್ಟ ಮಾತ್ರೆಯಿಂದ ಬಂದ ರಕ್ತಸ್ರಾವಕ್ಕೂ ಇದೇ ಮಾತು ಸಲ್ಲುತ್ತದೆ. ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಬಂದದ್ದು, ಅಂಡಾಶಯ ತಾನಾಗಿ ಕೆಲಸ ಮಾಡಿತು ಎಂದು ಅರ್ಥವಲ್ಲ.

ಹಂತ 2: ಮೈನೆರೆದು ಎಷ್ಟು ವರ್ಷವಾಯಿತು ಎಂದು ನೋಡಿ

ಎಷ್ಟು ಅಂತರ ಸರಿ, ಎಷ್ಟು ಹೆಚ್ಚು ಎಂಬುದನ್ನು ಹುಡುಗಿಯ ವಯಸ್ಸಿನಿಂದ ಹೇಳಲಾಗದು, ಮೈನೆರೆದು ಕಳೆದ ವರ್ಷಗಳಿಂದ ಹೇಳಬೇಕು. ಅಂಡಾಶಯ ಮತ್ತು ಮೆದುಳಿನ ನಡುವೆ ಹಾರ್ಮೋನುಗಳ ಲಯ ಕೂಡಿಬರಲು ಕಾಲ ಹಿಡಿಯುತ್ತದೆ.

ಮೊದಲ ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ. ಒಂದರಿಂದ ಮೂರು ವರ್ಷದೊಳಗೆ 21ರಿಂದ 45 ದಿನದ ಅಂತರ ಸರಿಯಾದದ್ದೇ. ಮೂರು ವರ್ಷ ದಾಟಿದ ಮೇಲೆ 21ರಿಂದ 35 ದಿನ ಇರಬೇಕು, ಜೊತೆಗೆ ವರ್ಷಕ್ಕೆ ಕನಿಷ್ಠ 8 ಸಲವಾದರೂ ಮುಟ್ಟಾಗಬೇಕು. ಮೊದಲ ವರ್ಷ ಕಳೆದ ನಂತರ ಒಂದೇ ಒಂದು ಸಲ 90 ದಿನಕ್ಕಿಂತ ಹೆಚ್ಚು ತಡವಾದರೂ ವೈದ್ಯರಿಗೆ ತೋರಿಸಬೇಕು. 15 ವರ್ಷ ತುಂಬಿದರೂ ಮೈನೆರೆದಿಲ್ಲ, ಅಥವಾ ಎದೆ ಬೆಳೆಯಲು ಶುರುವಾಗಿ ಮೂರು ವರ್ಷ ಕಳೆದರೂ ಮುಟ್ಟಾಗಿಲ್ಲ ಎಂದರೂ ಅಷ್ಟೇ.

ಈಗ ನಮ್ಮ ಹುಡುಗಿಗೆ ಬರೋಣ. ಸ್ಕ್ಯಾನಿಂಗ್ ಮಾಡಿಸಿದಾಗ ಮೈನೆರೆದು 1 ವರ್ಷ 8 ತಿಂಗಳಾಗಿತ್ತು. ಆಗಿನ ಅಂತರಗಳು 38, 42, 33, 44 ದಿನ. ನಾಲ್ಕೂ 45ರೊಳಗೆ ಇವೆ, ಅಂದರೆ ಸಹಜ. ರಿಪೋರ್ಟಿನಲ್ಲಿ ಏನೇ ಬರೆದಿರಲಿ, ಅಂದು ಅವಳಿಗೆ ಪಿಸಿಓಎಸ್ ಎನ್ನಲು ಆಧಾರ ಇರಲಿಲ್ಲ. ಈಗ ಮೂರು ವರ್ಷ ದಾಟಿದೆ, ಅಂತರಗಳು 52, 47, 61, 40, 58. ಈಗಿನ ಗಡಿ 35. ಹಾಗಾಗಿ ಇಂದು ಅವಳ ಮುಟ್ಟು ನಿಜವಾಗಿಯೂ ಅನಿಯಮಿತ. ಆದರೆ ಇಷ್ಟರಿಂದಲೇ ಪಿಸಿಓಎಸ್ ಎಂದಾಗುವುದಿಲ್ಲ.

ಹಂತ 3: ಗಂಡು ಹಾರ್ಮೋನು ಹೆಚ್ಚಾಗಿರುವ ಗುರುತು ಇದೆಯೇ?

ಟೆಸ್ಟೋಸ್ಟೆರಾನ್‌ನಂಥ ಹಾರ್ಮೋನುಗಳನ್ನು ಆಂಡ್ರೊಜನ್ ಎನ್ನುತ್ತಾರೆ. 'ಗಂಡು ಹಾರ್ಮೋನು' ಎಂದು ಕರೆದರೂ ಎಲ್ಲ ಹೆಣ್ಣುಮಕ್ಕಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹದಿಹರೆಯದಲ್ಲಿ ಪಿಸಿಓಎಸ್ ಎಂದು ಹೇಳಬೇಕಾದರೆ ಎರಡೂ ಇರಲೇಬೇಕು: ಅನಿಯಮಿತ ಮುಟ್ಟು, ಜೊತೆಗೆ ಆಂಡ್ರೊಜನ್ ಹೆಚ್ಚಿರುವುದು. ಈ ಎರಡನೆಯದನ್ನು ಮೈಮೇಲೆ ಕಾಣುವ ಗುರುತಿನಿಂದಲಾದರೂ ತಿಳಿಯಬಹುದು, ರಕ್ತಪರೀಕ್ಷೆಯಿಂದಲಾದರೂ ತಿಳಿಯಬಹುದು.

ನೋಡಬೇಕಾದದ್ದು ಮುಖ್ಯವಾಗಿ ಕೂದಲು. ಮೇಲ್ತುಟಿ, ಗದ್ದ, ಎದೆಯ ಮಧ್ಯ, ಹೊಟ್ಟೆಯ ಮೇಲ್ಭಾಗ ಮತ್ತು ಕೆಳಭಾಗ, ಬೆನ್ನಿನ ಮೇಲ್ಭಾಗ ಮತ್ತು ಕೆಳಭಾಗ, ತೋಳು, ತೊಡೆ ಎಂದು ಒಂಬತ್ತು ಜಾಗಗಳಿಗೆ ವೈದ್ಯರು 0ರಿಂದ 4ರವರೆಗೆ ಅಂಕ ಕೊಡುತ್ತಾರೆ. ಒಟ್ಟು 4ರಿಂದ 6 ಅಥವಾ ಅದಕ್ಕಿಂತ ಹೆಚ್ಚಾದರೆ ಅತಿರೋಮ ಎಂದು ಪರಿಗಣಿಸುತ್ತಾರೆ. ಗಡಿ ಎಲ್ಲಿ ಎಂಬುದು ಆಯಾ ಜನಾಂಗದ ಮೇಲೆ ನಿಂತಿದೆ. ಲೆಕ್ಕಕ್ಕೆ ಬರುವುದು ದಪ್ಪಗೆ, ಕಪ್ಪಗೆ, ಒರಟಾಗಿ ಬೆಳೆದ ಕೂದಲು ಮಾತ್ರ. ಕೆನ್ನೆಯ ಮೇಲಿನ ಎಳೆಯ ನವಿರು ಲೆಕ್ಕಕ್ಕಿಲ್ಲ. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿಕೊಂಡು ಹೋದರೆ ವೈದ್ಯರಿಗೆ ಏನೂ ಕಾಣುವುದಿಲ್ಲ. ಕೆಲವು ವಾರ ಬಿಟ್ಟು ಹೋಗಿ, ನಾಚಿಕೆಯಾದರೆ ಎಲ್ಲೆಲ್ಲಿ ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಎಂದಾದರೂ ಹೇಳಿ.

ಮೊಡವೆ ಈ ವಯಸ್ಸಿನಲ್ಲಿ ಯಾರಿಗಿಲ್ಲ? ಅಲ್ಲೊಂದು ಇಲ್ಲೊಂದು ಇದ್ದರೆ ಅದು ಗುರುತಲ್ಲ. ಮುಖ, ಬೆನ್ನು ತುಂಬಾ ಗಂಟುಗಂಟಾಗಿ ಬಂದು ಸಾಮಾನ್ಯ ಚಿಕಿತ್ಸೆಗೆ ಬಗ್ಗದಿದ್ದರೆ ಮಾತ್ರ ಅನುಮಾನಿಸಬೇಕು. ತಲೆಕೂದಲು ಉದುರುವುದಂತೂ ಕಬ್ಬಿಣದ ಕೊರತೆಯಿಂದ ಹಿಡಿದು ಜ್ವರದವರೆಗೆ ಹತ್ತಾರು ಕಾರಣಕ್ಕೆ ಆಗುತ್ತದೆ, ಅದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ಆಂಡ್ರೊಜನ್ ಗುರುತಲ್ಲ, ಇನ್ಸುಲಿನ್ ಹೆಚ್ಚಿರುವ ಗುರುತು. ಕೊಳೆಯೆಂದು ಉಜ್ಜಿ ಉಜ್ಜಿ ಚರ್ಮ ಹಾಳುಮಾಡಿಕೊಳ್ಳಬೇಡಿ. ಮುಂದೆ ಸಕ್ಕರೆ ಪರೀಕ್ಷೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ನಮ್ಮ ಹುಡುಗಿಗೆ ಗದ್ದ, ಮೇಲ್ತುಟಿ, ಕೆಳಹೊಟ್ಟೆಯಲ್ಲಿ ಒರಟು ಕೂದಲಿದೆ, ಅಂಕ 7. ಕತ್ತೂ ಕಪ್ಪಾಗಿದೆ.

ಹಂತ 4: ಬೇರೆ ಕಾರಣಗಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಎರಡು ಗುರುತೂ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಿಸಿಓಎಸ್‌ನಂತೆಯೇ ಕಾಣುವ ಬೇರೆ ತೊಂದರೆಗಳಿವೆ. ಅದಕ್ಕಾಗಿ ಕೆಲವೇ ರಕ್ತಪರೀಕ್ಷೆ ಸಾಕು, ಮೂವತ್ತು ಪರೀಕ್ಷೆಗಳ ದುಬಾರಿ ಪ್ಯಾಕೇಜ್ ಬೇಕಿಲ್ಲ.

ಥೈರಾಯ್ಡ್‌ಗೆ ಟಿಎಸ್‌ಎಚ್. ಪ್ರೊಲ್ಯಾಕ್ಟಿನ್: ಇದು ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನು, ಹೆಚ್ಚಾದರೆ ಮುಟ್ಟು ನಿಲ್ಲಿಸುತ್ತದೆ. ಟೆಸ್ಟೋಸ್ಟೆರಾನ್, ಜೊತೆಗೆ ಅದನ್ನು ರಕ್ತದಲ್ಲಿ ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್. ಕೊನೆಯದಾಗಿ 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್. ಇದು ಅಡ್ರಿನಲ್ ಗ್ರಂಥಿಯ ಒಂದು ಹುಟ್ಟುತೊಂದರೆಯನ್ನು ಪತ್ತೆ ಮಾಡುತ್ತದೆ. ಆ ತೊಂದರೆಯಲ್ಲೂ ಮುಟ್ಟು ಏರುಪೇರಾಗಿ ಕೂದಲು ಬೆಳೆಯುವುದರಿಂದ ಥೇಟ್ ಪಿಸಿಓಎಸ್ ಎನ್ನಿಸುತ್ತದೆ, ಚಿಕಿತ್ಸೆ ಮಾತ್ರ ಬೇರೆ. ಈ ಪರೀಕ್ಷೆಗೆ ಬೆಳಿಗ್ಗೆ, ಮುಟ್ಟಾದ ಮೊದಲ ಕೆಲವು ದಿನಗಳಲ್ಲಿ ರಕ್ತ ಕೊಡಬೇಕು. ಡೆಸಿಲೀಟರಿಗೆ 200 ನ್ಯಾನೊಗ್ರಾಂಗಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕಾಗುತ್ತದೆ. ಮುಟ್ಟು ತುಂಬಾ ತಡವಾಗಿದ್ದರೆ ವೈದ್ಯರು ಗರ್ಭ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಇದು ಎಲ್ಲರಿಗೂ ಮಾಡುವ ಪರೀಕ್ಷೆ, ಯಾರ ಮೇಲೂ ಅನುಮಾನವಲ್ಲ. ತಾಯಂದಿರು ಸಿಟ್ಟಾಗಬೇಡಿ.

ರಕ್ತ ಕೊಡುವ ಮುಂಚೆ ಎರಡು ಎಚ್ಚರಿಕೆ. ಕೂದಲುದುರುವಿಕೆಗೆಂದು ಬಯೋಟಿನ್ ಇರುವ ಮಾತ್ರೆ ಅಥವಾ ಗಮ್ಮಿ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ, ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ. ಅನೇಕ ಲ್ಯಾಬ್ ಯಂತ್ರಗಳಲ್ಲಿ ಅದು ಥೈರಾಯ್ಡ್, ಟೆಸ್ಟೋಸ್ಟೆರಾನ್ ಎರಡರ ಫಲಿತಾಂಶವನ್ನೂ ಕೆಡಿಸುತ್ತದೆ. ಹಾರ್ಮೋನು ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಟೆಸ್ಟೋಸ್ಟೆರಾನ್ ನೋಡಿ ಪ್ರಯೋಜನವಿಲ್ಲ. ಅದನ್ನು ನಿಲ್ಲಿಸಿ ಮೂರು ತಿಂಗಳಾದರೂ ಕಳೆದಿರಬೇಕು.

ಕೆಲವು ಗುರುತುಗಳು ಕಂಡರೆ ಮಾತ್ರ ತಡಮಾಡದೆ ಹೋಗಿ. ನಾಲ್ಕೈದು ತಿಂಗಳಲ್ಲೇ ಭರಭರನೆ ಕೂದಲು ಬೆಳೆಯುವುದು, ದನಿ ಗಡಸಾಗುವುದು, ಯೋನಿಯ ಮೇಲ್ಭಾಗದ ಚಂದ್ರನಾಡಿ ದಪ್ಪವಾಗುವುದು ಪಿಸಿಓಎಸ್ ಲಕ್ಷಣಗಳಲ್ಲ. ಆಂಡ್ರೊಜನ್ ಸ್ರವಿಸುವ ಗಡ್ಡೆಯನ್ನು ಹುಡುಕಬೇಕಾಗುತ್ತದೆ, ಸ್ಕ್ಯಾನಿಂಗ್ ನಿಜವಾಗಿ ಬೇಕಾಗುವುದು ಇಂಥಲ್ಲಿ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೀರುಗಳು, ಮುಖ ದುಂಡಗೆ ಊದಿಕೊಂಡಿರುವುದು ಕಂಡರೆ ಕಾರ್ಟಿಸಾಲ್ ಹೆಚ್ಚಾಗುವ ಕುಶಿಂಗ್ ಕಾಯಿಲೆಯನ್ನು ನೋಡಬೇಕು. ಇನ್ನೊಂದು ಕಡೆ, ಊಟ ಬಿಟ್ಟು ತೂಕ ಬಹಳ ಇಳಿಸಿಕೊಂಡವರಲ್ಲಿ, ವಿಪರೀತ ಕ್ರೀಡಾ ತರಬೇತಿ ಮಾಡುವವರಲ್ಲಿ ಮುಟ್ಟು ನಿಂತರೆ ಅದಕ್ಕೆ ಕಾರಣ ಶಕ್ತಿಯ ಕೊರತೆ ಇರಬಹುದು. ಅವರಿಗೆ 'ತೂಕ ಇಳಿಸಿ' ಎಂದರೆ ಅಪಾಯವೇ ಹೆಚ್ಚು.

ಹಂತ 5: ತೀರ್ಮಾನ

ನಮ್ಮ ಹುಡುಗಿಯ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿಯಿವೆ. 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್ 64. ಟೆಸ್ಟೋಸ್ಟೆರಾನ್ ಸ್ವಲ್ಪ ಹೆಚ್ಚು. ಮೂರು ವರ್ಷ ದಾಟಿದ ಮೇಲೂ ಮುಟ್ಟು ಅನಿಯಮಿತ, ಆಂಡ್ರೊಜನ್ ಗುರುತು ಇದೆ, ಬೇರೆ ಕಾರಣ ಇಲ್ಲ. ಅವಳಿಗೆ ಪಿಸಿಓಎಸ್ ಇದೆ. ಈ ತೀರ್ಮಾನಕ್ಕೆ ಸ್ಕ್ಯಾನಿಂಗ್ ಎಲ್ಲೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಎರಡರಲ್ಲಿ ಒಂದೇ ಇದ್ದರೆ? ಬರೀ ಅನಿಯಮಿತ ಮುಟ್ಟು, ಅಥವಾ ಬರೀ ಅತಿರೋಮ? ಆಗ 'ಪಿಸಿಓಎಸ್ ಆಗುವ ಸಾಧ್ಯತೆ ಇದೆ' ಎಂದಷ್ಟೇ ಹೇಳಿ, ಇರುವ ತೊಂದರೆಗೆ ಚಿಕಿತ್ಸೆ ಕೊಟ್ಟು, ಮೈನೆರೆದು 8 ವರ್ಷ ತುಂಬುವುದರೊಳಗೆ ಮತ್ತೆ ನೋಡುತ್ತಾರೆ. ಹೆಸರಿಡಲು ಅವಸರ ಮಾಡದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯವೂ ಹೌದು. 15ಕ್ಕೇ 'ಪಿಸಿಓಡಿ' ಎನ್ನಿಸಿಕೊಂಡ ಹುಡುಗಿ 'ನನಗೆ ಮಕ್ಕಳಾಗುವುದಿಲ್ಲ' ಎಂಬ ಭಯವನ್ನು ಹೊತ್ತು ತಿರುಗುತ್ತಾಳೆ.

ಮೈನೆರೆದು 8 ವರ್ಷ ದಾಟಿದ ಯುವತಿಯರಿಗೆ ನಿಯಮ ಬೇರೆ. ಅನಿಯಮಿತ ಮುಟ್ಟು, ಆಂಡ್ರೊಜನ್ ಹೆಚ್ಚಳ, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಫಾಲಿಕಲ್‌ಗಳು ಹೆಚ್ಚಾಗಿ ಕಾಣುವುದು, ಈ ಮೂರರಲ್ಲಿ ಯಾವುದಾದರೂ ಎರಡು ಸಾಕು. ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯನ್ನೂ ಬಳಸಬಹುದು. ಮೊದಲ ಎರಡೂ ಇದ್ದರೆ ಇವೆರಡೂ ಬೇಡ. ಹದಿಹರೆಯದವರಿಗೆ ಎಎಂಎಚ್ ಮಾಡಿಸಿದರೆ ಅದೂ ಸ್ಕ್ಯಾನಿಂಗ್‌ನಂತೆಯೇ ದಾರಿ ತಪ್ಪಿಸುತ್ತದೆ.

ಹಂತ 6: ಸಕ್ಕರೆ ನೋಡಿ, ಗ್ಲೂಕೋಸ್ ಕುಡಿಸಿಯೇ ನೋಡಿ

ಪಿಸಿಓಎಸ್ ಖಚಿತವಾದ ಮೇಲೆ ಎಷ್ಟೇ ತೆಳ್ಳಗಿದ್ದರೂ ಸಕ್ಕರೆ ಪರೀಕ್ಷೆ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ನೀರು ಕುಡಿದು, ಎರಡು ಗಂಟೆಯ ನಂತರ ಮತ್ತೆ ಕೊಡುವುದು ಒಳ್ಳೆಯ ವಿಧಾನ. ನಮ್ಮ ಹುಡುಗಿಗೆ ಖಾಲಿ ಹೊಟ್ಟೆಯಲ್ಲಿ 94, ಅಂದರೆ ಸರಿ. ಎರಡು ಗಂಟೆಯ ನಂತರ 148. ಅಲ್ಲಿ 140ರೊಳಗೆ ಇರಬೇಕಿತ್ತು, 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಅವಳು ನಡುವಿನ ಹೊಸ್ತಿಲಲ್ಲಿದ್ದಾಳೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ಮಾಡಿಸಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಜೊತೆಗೆ ಬಿಪಿ ಮತ್ತು ತೂಕ ನೋಡಬೇಕು, ಕೊಬ್ಬಿನಂಶದ ಪರೀಕ್ಷೆಯೂ ಆಗಬೇಕು.

ಇನ್ಸುಲಿನ್ ಇಲ್ಲಿ ಯಾಕೆ ಬಂತು? ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯದಿಂದ ಹೆಚ್ಚು ಟೆಸ್ಟೋಸ್ಟೆರಾನ್ ಮಾಡಿಸುತ್ತದೆ, ಅದನ್ನು ಹಿಡಿದಿಡುವ ಎಸ್‌ಎಚ್‌ಬಿಜಿಯನ್ನೂ ತಗ್ಗಿಸುತ್ತದೆ. ಫಾಲಿಕಲ್‌ಗಳು ಅರ್ಧಕ್ಕೇ ನಿಂತು ಅಂಡಾಣು ಹೊರಬರುವುದಿಲ್ಲ, ಮುಟ್ಟು ತಡವಾಗುತ್ತದೆ. ಮುಂದಿನ ಹಂತದ ಔಷಧಿಗಳೆಲ್ಲ ಈ ಸರಪಳಿಯ ಒಂದೊಂದು ಕೊಂಡಿಯನ್ನು ಹಿಡಿಯುತ್ತವೆ.

ಹಂತ 7: ಚಿಕಿತ್ಸೆ

ಎಲ್ಲರಿಗೂ ಒಂದೇ ಔಷಧಿ ಇಲ್ಲ. ನಿಮಗೆ ಹೆಚ್ಚು ಕಾಡುತ್ತಿರುವುದು ಯಾವುದು ಎಂದು ಮೊದಲು ಹೇಳಿ: ಮುಟ್ಟೋ, ಕೂದಲೋ, ತೂಕವೋ? ಕೆಳಗಿನ ಔಷಧಿಗಳು ವೈದ್ಯರು ನೋಡಿ ಬರೆದುಕೊಡಬೇಕಾದವು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವಂಥವಲ್ಲ.

*ಊಟ ಮತ್ತು ವ್ಯಾಯಾಮ* ಎಲ್ಲರಿಗೂ ಇದ್ದದ್ದೇ. ಇಂಥದ್ದೇ ಆಹಾರ ಪಿಸಿಓಎಸ್ ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸಿರಿಧಾನ್ಯವೂ ಅಷ್ಟೇ, ರಾಗಿ ಮುದ್ದೆಯೂ ಅಷ್ಟೇ. ಅನ್ನ ಬಿಡಬೇಕಿಲ್ಲ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಹುಳಿ, ಪಲ್ಯ, ಕಾಳು, ಮೊಟ್ಟೆ ಹೆಚ್ಚಾದರೆ ಸಾಕು. ಹದಿಹರೆಯದವರು ದಿನಕ್ಕೆ 60 ನಿಮಿಷ ಮೈ ಆಡಿಸಬೇಕು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10 ಇಳಿದರೂ ಮುಟ್ಟು ಸುಧಾರಿಸಬಹುದು. ತೂಕ ಸರಿಯಿರುವವರು ಇಳಿಸಬೇಕಾಗಿಲ್ಲ. ಕಾಲೇಜು, ಟ್ಯೂಷನ್ ನಡುವೆ ತಿಂಡಿ ಬಿಟ್ಟು ರಾತ್ರಿ ಒಟ್ಟಿಗೆ ತಿನ್ನುವ ಹುಡುಗಿಗೆ ಊಟದ ಹೊತ್ತಿನಲ್ಲಿ ತೂಕದ ಮಾತೆತ್ತಿದರೆ ಅವಳು ಕದ್ದು ತಿನ್ನಲು ಕಲಿಯುತ್ತಾಳೆ, ಅಷ್ಟೇ.

*ಹಾರ್ಮೋನು ಮಾತ್ರೆ*, ಅಂದರೆ ಗರ್ಭನಿರೋಧಕ ಮಾತ್ರೆ. ಮುಟ್ಟು ಮತ್ತು ಕೂದಲು ಎರಡೂ ತೊಂದರೆ ಇರುವವರಿಗೆ ಮೊದಲ ಔಷಧಿ ಇದು. ಅಂಡಾಶಯದ ಟೆಸ್ಟೋಸ್ಟೆರಾನ್ ಉತ್ಪಾದನೆಯನ್ನು ತಗ್ಗಿಸಿ, ಎಸ್‌ಎಚ್‌ಬಿಜಿಯನ್ನು ಹೆಚ್ಚಿಸುತ್ತದೆ. ಮದುವೆಯಾಗದ ಹುಡುಗಿಗೆ ಇದನ್ನು ಬರೆದರೆ ಮನೆಯಲ್ಲಿ ಗಲಾಟೆಯಾಗುವುದು ಗೊತ್ತು. ಇದರಿಂದ ಮುಂದೆ ಬಂಜೆತನ ಬರುವುದಿಲ್ಲ. ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ: ಕಣ್ಣ ಮುಂದೆ ಮಿಂಚು, ಗೀರು ಕಾಣಿಸಿಕೊಂಡು ಬರುವ ಮೈಗ್ರೇನ್ ಇದೆಯೇ? ನಿಮಗೆ ಅಥವಾ ಅಪ್ಪ ಅಮ್ಮ, ಒಡಹುಟ್ಟಿದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ? ಬಿಪಿ ಎಷ್ಟಿದೆ? ಇದ್ದರೆ ಮರೆಮಾಚದೆ ಹೇಳಿ. ಈಸ್ಟ್ರೊಜನ್ ಪ್ರಮಾಣ 20ರಿಂದ 30 ಮೈಕ್ರೊಗ್ರಾಂ ಇರುವ ಮಾತ್ರೆ ಸಾಕು. ಆಂಡ್ರೊಜನ್ ತಡೆಯುವ ಸೈಪ್ರೊಟೆರಾನ್ ಎಂಬ ಔಷಧಿಯ ಜೊತೆ 35 ಮೈಕ್ರೊಗ್ರಾಂ ಈಸ್ಟ್ರೊಜನ್ ಇರುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅದು ಮೊದಲ ಆಯ್ಕೆಯಲ್ಲ. ಕೂದಲಿನಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು, ಎರಡು ತಿಂಗಳಿಗೇ 'ಕೆಲಸ ಮಾಡಲಿಲ್ಲ' ಎಂದು ಬಿಡಬೇಡಿ. ಮಾತ್ರೆ ತೆಗೆದುಕೊಳ್ಳುವಾಗ ತಿಂಗಳು ತಿಂಗಳು ಮುಟ್ಟಾದರೆ ಕಾಯಿಲೆ ವಾಸಿಯಾಯಿತು ಎಂದಲ್ಲ, ನಿಲ್ಲಿಸಿದ ಮೇಲೆ ಹಳೆಯ ಅಂತರ ಮರಳಬಹುದು.

ಈ ಮಾತ್ರೆ ಆಗದವರಿಗೆ, ಬೇಡ ಎನ್ನುವವರಿಗೆ *ಪ್ರೊಜೆಸ್ಟೆರಾನ್ ಮಾತ್ರೆಯನ್ನು* 10ರಿಂದ 14 ದಿನ ಕೊಟ್ಟು ಮುಟ್ಟು ಬರಿಸುತ್ತಾರೆ. 90 ದಿನಕ್ಕೊಮ್ಮೆಯಾದರೂ ಮುಟ್ಟಾಗಬೇಕು. ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಕೊನೆಗೆ ವಾರಗಟ್ಟಲೆ ಸುರಿಯುತ್ತದೆ. ಹಲವು ವರ್ಷ ಹೀಗೇ ಬಿಟ್ಟರೆ ಆ ಪದರದ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಪ್ರೊಜೆಸ್ಟೆರಾನ್ ಮಾತ್ರೆ ಕೂದಲಿಗೆ ಏನೂ ಮಾಡುವುದಿಲ್ಲ.

*ಮೆಟ್‌ಫಾರ್ಮಿನ್* ಇನ್ಸುಲಿನ್ ಕಡೆಯ ಔಷಧಿ. ನಮ್ಮ ಹುಡುಗಿಯ 148ಕ್ಕೆ ಇದು ಸೂಕ್ತ, ಬರೀ ಕೂದಲಿನ ತೊಂದರೆಗೆ ಅಲ್ಲ. 500 ಮಿಲಿಗ್ರಾಂನಿಂದ ಶುರುಮಾಡಿ ಒಂದೆರಡು ವಾರಕ್ಕೊಮ್ಮೆ ಏರಿಸುತ್ತಾರೆ, ಹದಿಹರೆಯದವರಿಗೆ ದಿನಕ್ಕೆ 2 ಗ್ರಾಂ ದಾಟುವುದಿಲ್ಲ. ಮೊದಮೊದಲು ಓಕರಿಕೆ, ಭೇದಿ ಆಗಬಹುದು. ಊಟದ ಜೊತೆ ತೆಗೆದುಕೊಂಡರೆ, ನಿಧಾನವಾಗಿ ಕರಗುವ ಬಗೆಯದನ್ನು ಕೊಟ್ಟರೆ ಕಡಿಮೆಯಾಗುತ್ತದೆ. ಹಲವು ವರ್ಷ ತೆಗೆದುಕೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳು ಇದನ್ನು ಮರೆಯಬಾರದು.

ಆರು ತಿಂಗಳ ನಂತರವೂ ಕೂದಲು ಜಗ್ಗದಿದ್ದರೆ ಆಂಡ್ರೊಜನ್ ಕೆಲಸವನ್ನು ತಡೆಯುವ *ಸ್ಪೈರೊನೊಲ್ಯಾಕ್ಟೋನ್* ಸೇರಿಸುತ್ತಾರೆ. ಗರ್ಭದಲ್ಲಿ ಗಂಡು ಮಗುವಿದ್ದರೆ ಅದರ ಬೆಳವಣಿಗೆಗೆ ಇದು ಹಾನಿ ಮಾಡಬಹುದು, ಹಾಗಾಗಿ ಖಚಿತ ಗರ್ಭನಿರೋಧ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದು. ಅಲ್ಲಿಯವರೆಗೆ ಥ್ರೆಡಿಂಗ್ ಮಾಡಿಸಿ, ಶೇವ್ ಮಾಡಿ, ಕೂದಲು ಅದರಿಂದ ದಪ್ಪವಾಗುವುದಿಲ್ಲ. ಲೇಸರ್ ಮಾಡಿಸುವುದಾದರೆ ನಮ್ಮಂಥ ಕಂದು ಚರ್ಮಕ್ಕೆ ಹೊಂದುವ ಯಂತ್ರವಿರುವ ಚರ್ಮವೈದ್ಯರ ಬಳಿಯೇ ಹೋಗಿ. ಬ್ಯೂಟಿ ಪಾರ್ಲರ್‌ನ ರಿಯಾಯಿತಿಗೆ ಮರುಳಾದರೆ ಸುಟ್ಟ ಕಲೆ ಉಳಿಯುತ್ತದೆ.

ಪಿಸಿಓಎಸ್‌ಗೆಂದು ಮಾರುವ ಇನೊಸಿಟಾಲ್ ಪುಡಿಯಿಂದ ಹಾನಿ ಕಡಿಮೆ, ಆದರೆ ಅದು ಕೆಲಸ ಮಾಡುತ್ತದೆಂಬ ಆಧಾರವೂ ಅಷ್ಟೇ ತೆಳು. 'ಹಾರ್ಮೋನ್ ಬ್ಯಾಲೆನ್ಸ್' ಚೂರ್ಣಗಳಿಗೆ ದುಡ್ಡು ಹಾಕುವ ಬದಲು ಗ್ಲೂಕೋಸ್ ಪರೀಕ್ಷೆ ಮಾಡಿಸಿ.

ಹಂತ 8: ಮುಂದಿನ ವರ್ಷಗಳು

ಹೊಸದಾಗಿ ಔಷಧಿ ಶುರುಮಾಡಿದರೆ ಮೂರು ತಿಂಗಳಿಗೆ ಒಮ್ಮೆ ತೋರಿಸಿ, ಬಿಪಿ ನೋಡಿಸಿ. ಸಕ್ಕರೆ ಪರೀಕ್ಷೆಯನ್ನು ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ನಮ್ಮ ಹುಡುಗಿಯಂತೆ ಹೊಸ್ತಿಲಲ್ಲಿರುವವರಿಗೆ ಪ್ರತಿ ವರ್ಷ ಒಳ್ಳೆಯದು. ಮನಸ್ಸು ಕುಗ್ಗಿರುವುದು, ನಿದ್ದೆಗೆಡುವುದು, ಕಾರಣವಿಲ್ಲದ ಆತಂಕ ಈ ತೊಂದರೆಯಿರುವವರಲ್ಲಿ ಹೆಚ್ಚು. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

'ಮದುವೆಯಾದರೆ ಸರಿಹೋಗುತ್ತದೆ' ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಮದುವೆಗೂ ಅಂಡಾಶಯಕ್ಕೂ ಸಂಬಂಧವಿಲ್ಲ. 'ಮಕ್ಕಳಾಗುವುದೇ ಇಲ್ಲ' ಎನ್ನುವುದೂ ಸುಳ್ಳು. ಮುಟ್ಟು ತಡವಾಗಿ ಬರುವವರಲ್ಲೂ ಕೆಲವು ಸಲ ಅಂಡಾಣು ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವಾಗ ಆ ಸಾಧ್ಯತೆ ಇನ್ನೂ ಹೆಚ್ಚು, ಆದ್ದರಿಂದ ಈಗಲೇ ಮಗು ಬೇಡವೆನ್ನುವ ನವದಂಪತಿ ಪಿಸಿಓಎಸ್ ಅನ್ನೇ ಗರ್ಭನಿರೋಧಕವೆಂದು ನಂಬಿ ಕೂರಬಾರದು. ಮಗು ಬೇಕೆಂದಾಗ ಅಂಡಾಣು ಬಿಡುಗಡೆ ಮಾಡಿಸಲು ಲೆಟ್ರೊಜೋಲ್ ಮಾತ್ರೆ ಮೊದಲ ಆಯ್ಕೆ, ಬಹಳ ಮಂದಿಗೆ ಐವಿಎಫ್‌ವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ. ಅದಕ್ಕೂ ಮುಂಚೆ ತೂಕ, ಬಿಪಿ, ಸಕ್ಕರೆ ಮೂರನ್ನೂ ನೋಡಿಸಿಕೊಳ್ಳಿ. ಗರ್ಭ ನಿಂತ ಮೇಲೆ ಪಿಸಿಓಎಸ್ ಇದೆ ಎಂದು ಮೊದಲ ಭೇಟಿಯಲ್ಲೇ ಹೇಳಿ, ಗರ್ಭಿಣಿಯರ ಸಕ್ಕರೆ ಪರೀಕ್ಷೆಯನ್ನು ಆಗ ಶುರುವಿನಲ್ಲೊಮ್ಮೆ, 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ ಮಾಡಿಸುತ್ತಾರೆ.